ಡಿಜಿಲಾಕರ್‌ನಾಗಿನ ಕಾಗದ ಕೌಂಟರ್‌ನಾಗ ಯಾಕ ನಡ್ಯಾಂಗಿಲ್ಲ?

"ಆಧಾರ್, ಲೈಸೆನ್ಸ್, ಪ್ಯಾನ್ ಎಲ್ಲಾದ್ರದೂ ಫೋಟೋ ಹೊಡದು ಡಿಜಿಲಾಕರ್‌ನಾಗ ಹಾಕೇನ್ರಿ. ಹುಬ್ಬಳ್ಳಿಯೊಳಗ ಬ್ಯಾಂಕಿಗೆ ಹೋಗಿ ತೋರಿಸಿದ್ರ 'ಇದು ನಡ್ಯಾಂಗಿಲ್ಲ, ಒರಿಜಿನಲ್ಲು, ಝೆರಾಕ್ಸು ಎರಡೂ ತೊಗೊಂಡ ಬರ್ರಿ' ಅಂದ್ರು. ಸರ್ಕಾರದ್ದ ಆ್ಯಪ್ ಅಲ್ಲೇನ್ರಿ ಇದು? ಮತ್ತ ಲೈಸೆನ್ಸ್ ನಂಬರ್ ಹಾಕಿದ್ರ ಬರಾಕವಲ್ದು. ಏನ್ ಮಾಡ್ಬೇಕು?"

ಈ ಸಲ ಬ್ಯಾಂಕಿನವರು ಹೇಳಿದ್ದೇ ಸರಿ ಇದೆ ಸರ್. ನೀವು ಹಾಕಿದ ಫೋಟೋಗಳು ಆ್ಯಪ್‌ನ `Drive` ಅನ್ನುವ ಕಡೆ ಹೋಗಿ ಕೂತಿವೆ. ಅದು ನಿಮ್ಮ ಸ್ವಂತ ಕಪಾಟು ಇದ್ದಹಾಗೆ. ಅಲ್ಲಿ ಯಾರು ಏನು ಬೇಕಾದರೂ ಇಡಬಹುದು, ಪಕ್ಕದ ಮನೆಯವರ ಲೈಸೆನ್ಸ್ ಫೋಟೋ ಇಟ್ಟರೂ ಬೇಡ ಅನ್ನುವವರಿಲ್ಲ. ಅದಕ್ಕೇ ಅದಕ್ಕೆ ಝೆರಾಕ್ಸ್‌ಗಿಂತ ಹೆಚ್ಚಿನ ಬೆಲೆ ಇಲ್ಲ.

ಕೌಂಟರ್‌ನಲ್ಲಿ ನಡೆಯುವುದು `Issued` ಅನ್ನುವ ಕಡೆ ಇರುವ ಕಾಗದ. ಅದನ್ನು ನೀವು ಹಾಕುವುದಿಲ್ಲ, ನಂಬರ್ ಕೊಟ್ಟು ತರಿಸಿಕೊಳ್ಳುತ್ತೀರಿ. ಆರ್‌ಟಿಒ ದಾಖಲೆ ಸಾರಿಗೆ ಇಲಾಖೆಯ ಸರ್ವರ್‌ನಿಂದ, ಪ್ಯಾನ್ ಆದಾಯ ತೆರಿಗೆ ಇಲಾಖೆಯಿಂದ ನೇರವಾಗಿ ಬರುತ್ತದೆ. ಡಿಜಿಟಲ್ ಲಾಕರ್‌ಗಾಗಿಯೇ 2016ರಲ್ಲಿ ಮಾಡಿದ ನಿಯಮಗಳಿಗೆ 2017ರ ಫೆಬ್ರವರಿಯಲ್ಲಿ 9ಎ ಅಂತ ಒಂದು ನಿಯಮ ಸೇರಿತು. ಹೀಗೆ ಬಂದ ದಾಖಲೆಯನ್ನು ಕಾಗದದ ಮೂಲ ಪ್ರತಿಗೆ ಸಮ ಅಂತ ತಿಳಿಯಬೇಕು ಅನ್ನುವುದು ಅದರ ಸಾರ. ರೈಲ್ವೆಯವರು 2018ರ ಜುಲೈನಲ್ಲಿ ಇದನ್ನೇ ಇನ್ನೂ ಬಿಚ್ಚಿ ಹೇಳಿದರು: ಗುರುತಿಗೆ `Issued` ಕಡೆಯ ಆಧಾರ್, ಲೈಸೆನ್ಸ್ ನಡೆಯುತ್ತದೆ, ಪ್ರಯಾಣಿಕರು ತಾವೇ ಅಪ್‌ಲೋಡ್ ಮಾಡಿದ್ದು ನಡೆಯುವುದಿಲ್ಲ.

ಈಗ ಮೊದಲಿನಿಂದ ಸರಿಮಾಡೋಣ. ಖಾತೆ ತೆಗೆಯುವುದಕ್ಕೂ ಮುಂಚೆ ನೋಡಬೇಕಾದ್ದು ಆಧಾರ್‌ಗೆ ಯಾವ ಮೊಬೈಲ್ ನಂಬರ್ ಜೋಡಣೆಯಾಗಿದೆ ಅಂತ. ಬಹಳ ಜನರದ್ದು ಹತ್ತು ವರ್ಷದ ಹಿಂದೆ ಬಿಟ್ಟ ಸಿಮ್ ಇರುತ್ತದೆ, ಒಟಿಪಿ ಇನ್ಯಾರಿಗೋ ಹೋಗುತ್ತದೆ. `myaadhaar.uidai.gov.in` ತಾಣದಲ್ಲಿ ಮೊಬೈಲ್ ಪರಿಶೀಲಿಸುವ ಆಯ್ಕೆ ಇದೆ, ಲಾಗಿನ್ ಬೇಕಾಗಿಲ್ಲ. ನಂಬರ್ ಹಳೆಯದಾಗಿದ್ದರೆ ಆಧಾರ್ ಕೆಲಸ ಮಾಡುವ ಅಂಚೆ ಕಚೇರಿಗೋ ಬ್ಯಾಂಕ್ ಶಾಖೆಗೋ ಹೋಗಿ ಬೆರಳು ಕೊಟ್ಟು ಬದಲಿಸಿಕೊಳ್ಳಿ. ಅದಕ್ಕೆ ಬೇರೆ ಕಾಗದ ಕೇಳುವುದಿಲ್ಲ. ಇದೊಂದು ಆಗದೆ ಮುಂದಿನ ಯಾವುದೂ ಆಗುವುದಿಲ್ಲ.

ಆಮೇಲೆ ಆ್ಯಪ್‌ನಲ್ಲಿ ಅಥವಾ `digilocker.gov.in`ನಲ್ಲಿ ಖಾತೆ. ಆರು ಅಂಕಿಯ ಪಿನ್ ಕೇಳುತ್ತದೆ, ಹುಟ್ಟಿದ ತಾರೀಕು ಹಾಕಬೇಡಿ, ಅದು ನಿಮ್ಮ ಆಧಾರ್ ಮೇಲೇ ಅಚ್ಚಾಗಿದೆ. ನಿಮ್ಮದು ಖಾತೆ ಈಗಾಗಲೇ ಇದೆಯಲ್ಲ, ಆಧಾರ್ ಜೋಡಿಸಿದ್ದೀರಾ ಅಷ್ಟು ನೋಡಿಕೊಳ್ಳಿ. ಬರೀ ಮೊಬೈಲ್ ನಂಬರ್ ಕೊಟ್ಟು ಅರ್ಧಕ್ಕೆ ಬಿಟ್ಟಿದ್ದರೆ `Issued` ಕಡೆ ಖಾಲಿಯೇ ಇರುತ್ತದೆ. ಝೆರಾಕ್ಸ್ ಅಂಗಡಿಯವರ ಕಂಪ್ಯೂಟರ್‌ನಲ್ಲಿ ಖಾತೆ ತೆರೆಸಬೇಡಿ. ಪಿನ್ನೂ ಒಟಿಪಿಯೂ ಒಟ್ಟಿಗೆ ಇನ್ನೊಬ್ಬರ ಕೈಗೆ ಕೊಟ್ಟಂತೆ ಆಗುತ್ತದೆ.

ಇನ್ನು ನಿಮ್ಮ ಲೈಸೆನ್ಸ್. ತೊಂದರೆ ಎರಡರಲ್ಲಿ ಒಂದು ಇರುತ್ತದೆ: ನಂಬರ್‌ನದು, ಇಲ್ಲವೇ ಹೆಸರಿನದು.

ನಂಬರ್ ನೋಡೋಣ. ಈಗಿನ ಲೈಸೆನ್ಸ್ ನಂಬರ್‌ನಲ್ಲಿ 15 ಅಕ್ಷರ, ಅಂಕಿ ಇರುತ್ತವೆ. ಮೊದಲು ರಾಜ್ಯ, ಆಮೇಲೆ ಆರ್‌ಟಿಒ, ಆಮೇಲೆ ಕೊಟ್ಟ ವರ್ಷ, ಕೊನೆಗೆ ಏಳು ಅಂಕಿ. ಧಾರವಾಡದಲ್ಲಿ ಮಾಡಿಸಿದ್ದಾದರೆ ಹೀಗೆ:

```
KA25 20110001234
```

ಹುಬ್ಬಳ್ಳಿ ಆರ್‌ಟಿಒದ್ದಾದರೆ `KA63`, ಗದಗದ್ದು `KA26`, ಹಾವೇರಿದು `KA27`. ಕೊನೆಯ ಭಾಗ ಏಳು ಅಂಕಿ ಆಗುವಂತೆ ಮುಂದೆ ಸೊನ್ನೆಗಳಿರುತ್ತವೆ, ಬಹಳ ಮಂದಿ ಅವನ್ನು ಬಿಟ್ಟು ಬರೆಯುತ್ತಾರೆ. ನಿಮ್ಮದು ಹಳೆಯ ಪುಸ್ತಕದ ಲೈಸೆನ್ಸ್ ಆಗಿದ್ದು, ನಂಬರ್ ಗೀಟು ಹಾಕಿ ವರ್ಷ ಬರೆದ ನಮೂನೆಯಲ್ಲಿದ್ದರೆ ಅದನ್ನು ಮೇಲಿನ ನಮೂನೆಗೆ ತಿರುಗಿಸಿ ಹಾಕಿ ನೋಡಿ. ಆಗಲೂ ಬರದಿದ್ದರೆ ಆ ದಾಖಲೆ ಕಂಪ್ಯೂಟರ್‌ಗೆ ಏರಿರಲಿಕ್ಕಿಲ್ಲ. ಇದನ್ನು ಪಕ್ಕಾ ಮಾಡಿಕೊಳ್ಳಲು `parivahan.gov.in`ನಲ್ಲಿ ಲೈಸೆನ್ಸ್ ವಿವರ ನೋಡುವ ಕಡೆ ಹೋಗಿ ನಂಬರ್, ಹುಟ್ಟಿದ ತಾರೀಕು ಹಾಕಿ. ಅಲ್ಲಿ ವಿವರ ಬಂದರೆ ದಾಖಲೆ ಇದೆ, ತೊಡಕು ಬೇರೆ ಕಡೆ. ಅಲ್ಲೂ ಬರದಿದ್ದರೆ ಲೈಸೆನ್ಸ್ ಕೊಟ್ಟ ಆರ್‌ಟಿಒಗೆ ಮೂಲ ಪ್ರತಿ ಒಯ್ದು 'ಬ್ಯಾಕ್‌ಲಾಗ್ ಎಂಟ್ರಿ ಮಾಡಿಕೊಡ್ರಿ' ಅಂತ ಕೇಳಬೇಕು. ಆ ಶಬ್ದವನ್ನೇ ಹೇಳಿ. 'ಆನ್‌ಲೈನ್ ಮಾಡಿಕೊಡ್ರಿ' ಅಂದರೆ ಸ್ಮಾರ್ಟ್ ಕಾರ್ಡಿನ ಅರ್ಜಿ ಕೈಗೆ ಕೊಡುವ ಸಂಭವ ಇದೆ.

ಹೆಸರಿನ ತೊಡಕು ನಮ್ಮ ಕಡೆ ಇನ್ನೂ ಹೆಚ್ಚು. ಲೈಸೆನ್ಸ್ ತರಿಸುವಾಗ ಆ್ಯಪ್ ನಿಮ್ಮ ಹೆಸರು, ಹುಟ್ಟಿದ ತಾರೀಕನ್ನು ಆಧಾರ್‌ನಿಂದ ತಾನೇ ತುಂಬಿಕೊಳ್ಳುತ್ತದೆ, ಅದನ್ನು ತಿದ್ದಲು ಬಿಡುವುದಿಲ್ಲ. ಇಲಾಖೆಯ ದಾಖಲೆಗೆ ಅದು ತಾಳೆಯಾಗಬೇಕು. ನಮ್ಮಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಸೇರಿ ಪೂರ್ತಿ ಹೆಸರು. ಅದನ್ನು ಒಂದೊಂದು ಆಫೀಸು ಒಂದೊಂದು ಥರ ಬರೆದುಕೊಂಡಿರುತ್ತದೆ. ಉದಾಹರಣೆಗೆ ಆಧಾರ್‌ನಲ್ಲಿ `Basavaraj Shivappa Patil`, ಪ್ಯಾನ್‌ನಲ್ಲಿ `BASAVARAJ S PATIL`, ಲೈಸೆನ್ಸ್‌ನಲ್ಲಿ `PATIL BASAVARAJ` ಇದ್ದರೆ ಊರಲ್ಲಿ ಮೂವರೂ ಒಬ್ಬನೇ ಬಸವರಾಜ, ಕಂಪ್ಯೂಟರ್‌ಗೆ ಮೂವರು ಬೇರೆ ಬೇರೆ. ಆಗ ವಿವರ ಹೊಂದುವುದಿಲ್ಲ ಅಂತ ತೆರೆಯ ಮೇಲೆ ಬರುತ್ತದೆ. ಇಲಾಖೆಯ ಸರ್ವರ್ ಸಿಗುತ್ತಿಲ್ಲ, ಆಮೇಲೆ ಪ್ರಯತ್ನಿಸಿ ಅನ್ನುವ ಸಂದೇಶ ಬಂದರೆ ಅದು ಬೇರೆ ಮಾತು. ಆಗ ಏನನ್ನೂ ತಿದ್ದಿಸಲು ಓಡಾಡಬೇಡಿ, ರಾತ್ರಿ ಹೊತ್ತು ಮತ್ತೊಮ್ಮೆ ಹಾಕಿ ನೋಡಿ.

ಹೆಸರು ತಿದ್ದಿಸಲೇಬೇಕಾದರೆ ಯಾವುದನ್ನು? ನನ್ನ ಸಲಹೆ, ಆಧಾರ್ ಮುಟ್ಟಬೇಡಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜನ್ಮದಲ್ಲಿ ಎರಡೇ ಸಲ ಅವಕಾಶ, ಹುಟ್ಟಿದ ತಾರೀಕಿಗೆ ಒಂದೇ ಸಲ. ಲೈಸೆನ್ಸ್‌ಗಾಗಿ ಆಧಾರ್ ಬದಲಿಸಿದರೆ ನಾಳೆ ಪ್ಯಾನ್ ಕೈಕೊಡುತ್ತದೆ, ಬ್ಯಾಂಕ್ ಖಾತೆಯ ಹೆಸರು ತಾಳೆ ತಪ್ಪುತ್ತದೆ. ಆಧಾರ್‌ನಲ್ಲಿರುವ ಹೆಸರೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೂ ಇದ್ದರೆ ಅದನ್ನೇ ಆಧಾರಗಂಬ ಅಂತ ಹಿಡಿದು ಲೈಸೆನ್ಸ್, ಪ್ಯಾನ್ ಎರಡನ್ನೂ ಅದರ ಕಡೆ ಎಳೆಯಿರಿ. ಆಧಾರ್‌ನಲ್ಲೇ ಕಾಗುಣಿತ ತಪ್ಪಿದ್ದರೆ ಮಾತ್ರ ಆ ಎರಡರಲ್ಲಿ ಒಂದು ಅವಕಾಶ ಖರ್ಚು ಮಾಡಿ.

`Issued` ಕಡೆ ಲೈಸೆನ್ಸ್ ಬಂತು ಅಂತ ಇಟ್ಟುಕೊಳ್ಳಿ. ಈಗ ಅದೇ ಬ್ಯಾಂಕಿಗೆ ವಾಪಸ್ ಹೋದರೆ ಹೇಗೆ ಕೊಡಬೇಕು ಅನ್ನುವುದರಲ್ಲೇ ಅರ್ಧ ಜನ ಎಡವುತ್ತಾರೆ. ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮದಲ್ಲಿ ಡಿಜಿಟಲ್ ಲಾಕರ್‌ಗೆ ಇಲಾಖೆ ಕೊಟ್ಟ ದಾಖಲೆಯೂ ಒಪ್ಪಿಗೆಯ ದಾಖಲೆ. ಆದರೆ ಬ್ಯಾಂಕಿನವರು ಅದರ ಡಿಜಿಟಲ್ ಸಹಿಯನ್ನು ಪರಿಶೀಲಿಸಬೇಕು, ನಿಮ್ಮ ಫೋಟೋ ಅಲ್ಲೇ ತೆಗೆದುಕೊಳ್ಳಬೇಕು. ಸಹಿ ಇರುವುದು ಪಿಡಿಎಫ್ ಫೈಲ್‌ನ ಒಳಗೆ. ನೀವು ಸ್ಕ್ರೀನ್‌ಶಾಟ್ ತೆಗೆದರೆ ಸಹಿ ಹೋಯಿತು. ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡಿದರೂ ಹೋಯಿತು. ಹಾಗಾಗಿ ಆ್ಯಪ್‌ನಿಂದ ಪಿಡಿಎಫ್ ಇಳಿಸಿಕೊಂಡು, ಶಾಖೆಯ ಇಮೇಲ್‌ಗೆ ಫೈಲನ್ನು ಹಾಗೇ ಕಳಿಸಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಆಗಿ ಅಲ್ಲ, `Document` ಆಗಿ ಕಳಿಸಿ.

ಇಲ್ಲಿ ಇನ್ನೊಂದು ಗೊಂದಲ ಕಾದಿರುತ್ತದೆ. ಕೌಂಟರ್‌ನವರು ಆ ಫೈಲನ್ನು ಬ್ರೌಸರ್‌ನಲ್ಲಿ ತೆರೆದರೆ ಸಹಿಯ ಜಾಗದಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಾಣಬಹುದು. 'ಇದು ಖೋಟಾ ಐತಿ' ಅಂದುಬಿಡುತ್ತಾರೆ. ಖೋಟಾ ಅಲ್ಲ, ಸಹಿಯನ್ನು ಯಾರೂ ಇನ್ನೂ ಪರೀಕ್ಷಿಸಿಲ್ಲ ಅಂತ ಅದರ ಅರ್ಥ. ಫೈಲನ್ನು ಅಡೋಬಿ ರೀಡರ್‌ನಲ್ಲಿ ತೆರೆಯಲು ಹೇಳಿ. ಸಹಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿ `Show Signature Properties`, ಅಲ್ಲಿಂದ `Show Signer's Certificate`. ಎಡಗಡೆ ಸರಪಳಿಯ ಹಾಗೆ ಹೆಸರುಗಳಿರುತ್ತವೆ. ತುದಿಯಲ್ಲಿ `CCA India` ಅಂತ ಇದ್ದದ್ದನ್ನು ಆರಿಸಿ, `Trust` ಪುಟದಲ್ಲಿ `Add to Trusted Certificates` ಒತ್ತಿ, ಹಿಂದೆ ಬಂದು `Validate Signature` ಕೊಟ್ಟರೆ ಹಸಿರು ಗುರುತು ಬೀಳುತ್ತದೆ. ಒಂದು ಕಂಪ್ಯೂಟರ್‌ನಲ್ಲಿ ಇದನ್ನು ಒಂದು ಸಲ ಮಾಡಿದರೆ ಸಾಕು, ಆಮೇಲೆ ಸರಪಳಿಯ ತುದಿಯಲ್ಲಿ ಅದೇ ಹೆಸರಿರುವ ಫೈಲೆಲ್ಲ ತಾನೇ ಹಸಿರಾಗುತ್ತವೆ. ಇಷ್ಟು ಮಾಡಿದ ಮೇಲೂ ಕೆಂಪು ಅಡ್ಡಗೀಟು ಬಂದರೆ ಮಾತ್ರ ಅನುಮಾನಪಡಬೇಕು: ಫೈಲನ್ನು ನಡುವೆ ಯಾರೋ ತಿದ್ದಿರಬಹುದು.

ಕಾಗದ ಇಟ್ಟುಕೊಳ್ಳದೆ ಬರೀ ನೋಡಿ ಬಿಡುವ ಕಡೆ ಇಷ್ಟು ರಗಳೆ ಇಲ್ಲ. ಟ್ರಾಫಿಕ್ ಪೊಲೀಸರಿಗೆ, ಟಿಟಿಇಗೆ `Issued` ಪಟ್ಟಿಯಿಂದಲೇ ದಾಖಲೆ ತೆರೆದು ಕ್ಯೂಆರ್ ಕೋಡ್ ತೋರಿಸಿ. ಗಾಡಿ ಕಾಗದ ಮೊಬೈಲ್‌ನಲ್ಲಿ ತೋರಿಸಬಹುದು ಅಂತ 2018ರ ನವೆಂಬರ್‌ನಲ್ಲಿ ಮೋಟಾರು ವಾಹನ ನಿಯಮ 139ಕ್ಕೇ ತಿದ್ದುಪಡಿ ಬಂದಿದೆ. ಆದರೆ ಸಿಗ್ನಲ್ ನಂಬಬೇಡಿ. ಹುಬ್ಬಳ್ಳಿಯಿಂದ ಗೋವಾ ಕಡೆ ರೈಲು ಹತ್ತಿದವರು ಕ್ಯಾಸಲ್‌ರಾಕ್ ದಾಟಿ ಘಟ್ಟಕ್ಕೆ ಇಳಿದ ಮೇಲೆ ಆ್ಯಪ್ ತೆಗೆದರೆ ಅದು ತಿರುಗುತ್ತಲೇ ಇರುತ್ತದೆ, ಒಟಿಪಿಯೂ ಬರುವುದಿಲ್ಲ. ಮನೆ ಬಿಡುವಾಗಲೇ ಪಿಡಿಎಫ್ ಫೋನ್‌ಗೆ ಇಳಿಸಿಟ್ಟುಕೊಳ್ಳಿ.

ಆಧಾರ್ ಬಗ್ಗೆ ಒಂದು ಮಾತು. ಡಿಜಿಲಾಕರ್‌ನಲ್ಲಿ ಬರುವ ಆಧಾರ್‌ನಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ, ಉಳಿದ ಎಂಟು ಮುಚ್ಚಿರುತ್ತವೆ. 'ನಂಬರ್ ಪೂರ್ತಿ ಇಲ್ಲ' ಅಂತ ಕೌಂಟರ್‌ನಲ್ಲಿ ತಕರಾರು ತೆಗೆದರೆ, ಗುರುತು ಪತ್ರವಾಗಿ ಲೈಸೆನ್ಸ್ ಕೊಟ್ಟುಬಿಡಿ, ವಾದ ಬೇಡ.

ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಮ್ಮ ರಾಜ್ಯದಲ್ಲಿ ಬೇರೆಯೇ ಅನುಕೂಲ ಇದೆ. ನಾಡಕಚೇರಿ ಕೊಡುವ ಪತ್ರದ ಮೇಲೆ `RD` ಅಂತ ಶುರುವಾಗುವ ನಂಬರ್ ಇರುತ್ತದೆಯಲ್ಲ, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ತಾಣ ಆ ನಂಬರ್ ಹಾಕಿದರೆ ವಿವರವನ್ನು ತಾನೇ ಎಳೆದುಕೊಳ್ಳುತ್ತದೆ. ಆ ನಂಬರನ್ನು ಬರೆದಿಟ್ಟುಕೊಂಡರೆ ಸಾಕು. ಆದಾಯ ಪತ್ರಕ್ಕೆ ಐದು ವರ್ಷದ ಅವಧಿ, ಅದು ಮುಗಿದಿದ್ದರೆ ಹೊಸ ಪತ್ರ ಮಾಡಿಸಿ ಹೊಸ ನಂಬರ್ ಕೊಡಬೇಕು.

ಇಷ್ಟಾದ ಮೇಲೂ ಮೂಲ ಪ್ರತಿಗಳನ್ನು ಟ್ರಂಕ್‌ನಲ್ಲಿ ಭದ್ರವಾಗಿಡಿ. ಕಾಲೇಜಿನವರು ತಮ್ಮ ಬಳಿ ಇಟ್ಟುಕೊಳ್ಳುವ ಟಿಸಿ, ಸಾಲಕ್ಕೆ ಒತ್ತೆ ಇಡುವ ಆಸ್ತಿ ಪತ್ರ, ಇಂಥವಕ್ಕೆ ಕಾಗದವೇ ಬೇಕು. ಮತ್ತೆ ಲೈಸೆನ್ಸ್ ನವೀಕರಿಸಿದಾಗ ಆ್ಯಪ್‌ನಲ್ಲಿ ಹಳೆಯ ತಾರೀಕೇ ಕಂಡರೆ ಗಾಬರಿ ಬೇಡ. ಆ ದಾಖಲೆಯನ್ನು ಅಲ್ಲಿಂದ ತೆಗೆದು, ಅದೇ ನಂಬರ್ ಹಾಕಿ ಮತ್ತೊಮ್ಮೆ ತರಿಸಿಕೊಳ್ಳಿ. ಫೋನ್‌ನಲ್ಲಿ ಮೊದಲೇ ಇಳಿಸಿಟ್ಟ ಹಳೆಯ ಪಿಡಿಎಫ್ ಅಳಿಸುವುದನ್ನು ಮರೆಯಬೇಡಿ, ಅವಸರದಲ್ಲಿ ಕೈಗೆ ಸಿಗುವುದು ಅದೇ.