ಹಳೇ ಲೇತ್‌ಗೆ ಎಷ್ಟು ಕೊಡಬಹುದು?

"ಪುಣೆ ಹತ್ತಿರದ ಭೋಸರಿಯಲ್ಲಿ ಆರಡಿ ಹಳೇ ಲೇತ್‌ಗೆ 1,40,000 ಕೇಳ್ತಿದ್ದಾರೆ. ಕೊಡಬಹುದಾ?"

ಮೊದಲು ಬೆಡ್ ನೋಡಿ ಸರ್. ಹೊಸ ಪೇಂಟ್ ನೋಡಿ ಮರುಳಾಗಬೇಡಿ. ಸ್ಯಾಡಲ್ ಅನ್ನು ಚಕ್ ಹತ್ತಿರ ತನ್ನಿ. ಅದರ ಲಾಕ್ ಬೋಲ್ಟನ್ನು ಸ್ವಲ್ಪವೇ ಬಿಗಿ ಮಾಡಿ, ಕೈಚಕ್ರ ತಿರುಗಿಸುತ್ತಾ ಟೇಲ್‌ಸ್ಟಾಕ್ ಕಡೆ ಒಯ್ಯಿರಿ. ಹೋಗ್ತಾ ಹೋಗ್ತಾ ಬಿಗಿಯಾದರೆ ಚಕ್ ಕಡೆ ಬೆಡ್ ಸವೆದಿದೆ ಎಂದರ್ಥ. ಸಣ್ಣ ಕೆಲಸವೆಲ್ಲ ಅಲ್ಲೇ ನಡೆಯುತ್ತೆ, ಅಲ್ವಾ? ಅಂಥ ಮೆಷಿನ್‌ನಲ್ಲಿ ಉದ್ದದ ಜಾಬ್ ಟೇಪರ್ ಬರುತ್ತದೆ.

ಸವೆದಿದ್ದರೆ ಬೆಡ್ ಗ್ರೈಂಡಿಂಗ್‌ಗೆ ಕೊಟೇಶನ್ ತಗೊಳ್ಳಿ. ಗ್ರೈಂಡ್ ಮಾಡಿದ ಮೇಲೆ ಸ್ಯಾಡಲ್ ಕೆಳಗಿಳಿಯುತ್ತದೆ, ಲೀಡ್ ಸ್ಕ್ರೂ ಜೊತೆ ಮತ್ತೆ ಹೊಂದಿಸಬೇಕು. ಆ ಖರ್ಚೂ ಸೇರಿದೆಯಾ ಕೇಳಿ. ನಾನು ಒಮ್ಮೆ ಕೇಳದೇ ಬಿಟ್ಟು ತುಂಬಾ ಕಷ್ಟಪಟ್ಟೆ.

ಆಮೇಲೆ ಲೆಕ್ಕ ಸುಲಭ. ಇದೇ ಅಳತೆಯ, ಬೆಡ್ ಚೆನ್ನಾಗಿರುವ ಹಳೇ ಲೇತ್ ಬೆಲೆ ಇಬ್ಬರು ಡೀಲರ್‌ಗಳ ಹತ್ತಿರ ಕೇಳಿ. ಅದು 1,50,000 ಅಂದುಕೊಳ್ಳಿ. ರಿಪೇರಿ 40,000, ಕ್ರೇನ್ ಮತ್ತು ಟೆಂಪೋ 12,000 ಕಳೆಯಿರಿ. ಉಳಿದ 98,000 ನಿಮ್ಮ ಮಿತಿ. ನಾನಾದರೆ 85,000ದಿಂದ ಮಾತು ಶುರು ಮಾಡುತ್ತೇನೆ, ಯಾಕೆಂದರೆ ರಿಪೇರಿ ಮುಗಿಯುವವರೆಗೆ ಮೆಷಿನ್ ಸುಮ್ನೆ ನಿಂತಿರುತ್ತದೆ. ಕರೆಂಟ್ ಕೊಟ್ಟು ಓಡಿಸಿ ತೋರಿಸದಿದ್ದರೆ ಅಡ್ವಾನ್ಸ್ ಕೊಡಲೇಬೇಡಿ.