"ಮಾತಾಡ್ತಾಳೆ" ಅಂತ ಬರೆದು ಅಳಿಸಿದ ಸಾಲು: ಊರು ಬದಲಿಸಿದ ಮಗುವಿನ ಫೈಲ್ ಬಗ್ಗೆ

(ಅಪ್ಪ ಅಮ್ಮನ ಒಪ್ಪಿಗೆ ತಗೊಂಡು, ಗುರುತು ಸಿಗದ ಹಾಗೆ ವಿವರಗಳನ್ನ ಬದಲಿಸಿ ಬರೀತಿದೀನಿ. ಹುಡುಗೀನ ಪುಟ್ಟಿ ಅಂತ ಕರೀತೀನಿ.)

ಪುಟ್ಟಿಗೆ 7 ವರ್ಷ. ಮನೇಲಿ ಬಾಯಿಗೆ ಬಿಡುವೇ ಇಲ್ಲ, ತಮ್ಮನ ಜೊತೆ ಜಗಳ, ಟಿವಿ ಜೊತೆ ಹಾಡು, ಅಜ್ಜಿಗೆ ಪ್ರಶ್ನೆ ಮೇಲೆ ಪ್ರಶ್ನೆ. ಸ್ಕೂಲ್ ಗೇಟ್ ದಾಟಿದ್ರೆ ಒಂದಕ್ಷರ ಇಲ್ಲ, ಅದೂ ಒಂದೂವರೆ ವರ್ಷದಿಂದ. ಇದಕ್ಕೆ ಸೆಲೆಕ್ಟಿವ್ ಮ್ಯೂಟಿಸಂ ಅಂತಾರೆ. ಹೆಸರು ಕೇಳಿದ್ರೆ ಮಗು ಬೇಕಂತಲೇ ಮಾತಾಡ್ತಿಲ್ಲ ಅನ್ನೋ ಹಾಗಿದೆ, ಆದ್ರೆ ಇದು ಹಠ ಅಲ್ಲ, ಭಯ. ಮಾನಸಿಕ ಕಾಯಿಲೆಗಳನ್ನ ಗುರುತಿಸೋಕೆ ವೈದ್ಯರು ಬಳಸೋ ಕೈಪಿಡಿ ಡಿಎಸ್ಎಂ-5, ಅದರ 2013ರ ಆವೃತ್ತೀಲಿ ಇದನ್ನ ಆತಂಕದ ಕಾಯಿಲೆಗಳ ಗುಂಪಿಗೇ ಸೇರಿಸಿದಾರೆ.

ನನ್ ಹತ್ರ ಥೆರಪಿಗೆ 7 ತಿಂಗಳು ಬಂದ್ಲು, 22 ಸೆಶನ್. ಆಮೇಲೆ ಒಂದಿನ ಅವರಮ್ಮ ಫೋನ್ ಮಾಡಿ "ಮೇಡಂ, ಇವರಿಗೆ ಟ್ರಾನ್ಸ್‌ಫರ್ ಆಯ್ತು, ಮುಂದಿನ ತಿಂಗಳು ಹೊರಡ್ತೀವಿ, ಅಲ್ಲಿ ಎಲ್ಲಾ ಮೊದಲಿಂದ ಶುರು ಮಾಡ್ಬೇಕಾ" ಅಂದ್ರು. ಅಲ್ಲಿನ ಒಬ್ಬ ಮಕ್ಕಳ ಥೆರಪಿಸ್ಟ್ ನನಗೆ ಪರಿಚಯ, ಅವರೂ ಒಪ್ಕೊಂಡ್ರು, ಇನ್ನು ಬರೀಬೇಕಾಗಿದ್ದು ಒಂದು ಹ್ಯಾಂಡೋವರ್ ಪತ್ರ. ಎರಡು ಪುಟ ಅಷ್ಟೇ, ಒಂದು ಸಂಜೇಲಿ ಆಗ್ಬಿಡುತ್ತೆ ಅನ್ಕೊಂಡಿದ್ದೆ.

ಮೊದಲ ಡ್ರಾಫ್ಟಲ್ಲಿ ಹೀಗ್ ಬರೆದಿದ್ದೆ: "ಪುಟ್ಟಿ ಥೆರಪಿಸ್ಟ್ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡ್ತಾಳೆ, ಕ್ಲಾಸ್ ಟೀಚರ್ ಜೊತೆ ಪಿಸುಮಾತು ಶುರುವಾಗಿದೆ." ಇದರಲ್ಲಿ ಸುಳ್ಳೇನಿಲ್ಲ. ಆದ್ರೆ ಮಾರನೇ ದಿನ ಓದಿದಾಗ ಹೊಟ್ಟೇಲಿ ಒಂಥರಾ ಆಯ್ತು, ಯಾಕಂದ್ರೆ ಇದನ್ನ ಓದಿದ ಹೊಸ ಥೆರಪಿಸ್ಟ್ ಏನ್ ಮಾಡ್ತಾರೆ? ಪುಟ್ಟೀನ ಎದುರಿಗೆ ಕೂರಿಸ್ಕೊಂಡು ಪ್ರೀತಿಯಿಂದಲೇ "ನಿನ್ ಹೆಸರೇನಮ್ಮ" ಅಂತ ಕೇಳ್ತಾರೆ, ಅವಳು ಕಲ್ಲಾಗ್ತಾಳೆ, ಅವರು ಇನ್ನೊಂದ್ಸಲ ಕೇಳ್ತಾರೆ, ಪಕ್ಕದಲ್ಲಿ ಕೂತ ಅಮ್ಮ ತಡೀಲಾರದೆ ತಾನೇ ಉತ್ತರ ಹೇಳ್ತಾರೆ, ಮಗು ಉಸ್ಸಂತ ಉಸಿರು ಬಿಡುತ್ತೆ. ಆ ಉಸ್ಸಂತ ಬಿಟ್ಟ ಉಸಿರೇ ಈ ತೊಂದರೆಗೆ ಗೊಬ್ಬರ. ಸುಮ್ನಿದ್ರೆ ಭಯ ಇಳಿಯುತ್ತೆ ಅಂತ ಮೈಗೆ ಇನ್ನೊಂದ್ಸಲ ಪಾಠ ಆಯ್ತು, "ನಾನು ಮಾತಾಡದೇ ಇರೋರು" ಅನ್ನೋ ಪಟ್ಟೀಲಿ ಆ ಥೆರಪಿಸ್ಟೂ ಸೇರ್ಕೊಂಡ್ರು.

ಹಾಗಾಗಿ ಅವಳು ನನ್ ಜೊತೆ ಮಾತಾಡಿದ್ದು ಹೇಗೆ ಅನ್ನೋದನ್ನ ಪತ್ರದಲ್ಲಿ ಬಿಡಿಸಿ ಬರೆದೆ. ಮೊದಲು ರೂಮಲ್ಲಿ ಅಮ್ಮ ಮಗಳು ಇಬ್ಬರೇ, ಬಾಗಿಲು ಹಾಕಿದೆ, ಕಾರ್ಡ್ ಆಟ, ನಾನು ಆಚೆ. ಅವಳ ದನಿ ಮನೇಲಿದ್ದ ಹಾಗೇ ಬರೋಕೆ ಶುರುವಾದ ಮೇಲೆ ಬಾಗಿಲು ಸ್ವಲ್ಪ ತೆರೆದೆ. ಆಮೇಲೆ ಒಳಗೆ ಬಂದು ಬಾಗಿಲ ಹತ್ರ ಅವಳಿಗೆ ಬೆನ್ನು ಹಾಕಿ ಕೂತು ನನ್ ಪಾಡಿಗೆ ಏನೋ ಬರೀತಾ ಇದ್ದೆ. ಆಮೇಲೆ ಟೇಬಲ್ಲಿನ ಆ ತುದಿ. ಆಮೇಲೆ ಆಟಕ್ಕೆ ಸೇರ್ಕೊಂಡೆ, ಆದ್ರೆ ಬರೀ ನಂಬರ್ ಎಣಿಸೋ ಕೆಲಸ, ಅಮ್ಮ ಒಂದು, ಪುಟ್ಟಿ ಎರಡು, ನಾನು ಮೂರು. ಕೊನೇಗೆ ಅಮ್ಮ ಮೆಲ್ಲಗೆ ಆಚೆ ಹೋಗೋದು. ಸ್ಲೈಡಿಂಗ್ ಇನ್ ಅಂತಾರೆ ಇದಕ್ಕೆ. ನಮಗೆ ಇದಕ್ಕೇ 9 ಸೆಶನ್ ಹಿಡೀತು. ನಿಯಮ ಒಂದೇ, ದನಿ ನಿಂತ್ರೆ ನಾನು ಒಂದು ಹೆಜ್ಜೆ ಹಿಂದೆ ಹೋಗ್ಬೇಕೇ ಹೊರತು ಅವಳನ್ನ ಮುಂದೆ ಎಳೀಬಾರ್ದು.

ತಿದ್ದಿದ ಸಾಲು ಹೀಗಾಯ್ತು: "ಬಾಗಿಲು ಹಾಕಿರೋ ನನ್ ರೂಮಲ್ಲಿ, ನಾವಿಬ್ಬರೇ ಇದ್ರೆ, ಕೈಲಿ ಆಟ ಇದ್ರೆ, ಸಣ್ಣ ದನಿಯಲ್ಲಿ ಪೂರ್ತಿ ವಾಕ್ಯ ಆಡ್ತಾಳೆ. ಯಾರಾದ್ರೂ ಬಾಗಿಲು ತೆಗೆದ್ರೆ ತಕ್ಷಣ ದನಿ ನಿಲ್ಲುತ್ತೆ, ವಾಪಸ್ ಬರೋಕೆ 5ರಿಂದ 10 ನಿಮಿಷ. ಫೋನಲ್ಲಿ ಇನ್ನೂ ಇಲ್ಲ. ಸ್ಕೂಲ್ ಬಿಟ್ಟ ಮೇಲೆ ಖಾಲಿ ಕ್ಲಾಸಲ್ಲಿ, ಅಮ್ಮ ಪಕ್ಕದಲ್ಲಿದ್ರೆ, ಟೀಚರ್ ಜೊತೆ ಪಿಸುದನೀಲಿ ಎಣಿಸೋದು ಮಾತ್ರ. ಹೊಸಬರ ಜೊತೆ ಮೊದಲ ಮೆಟ್ಟಿಲಿಂದಲೇ ಶುರು ಮಾಡಿ, ನನ್ನಷ್ಟು ದಿನ ಹಿಡೀಲಿಕ್ಕಿಲ್ಲ ಅನ್ಸುತ್ತೆ, ಆದ್ರೆ ಮೆಟ್ಟಿಲು ಹಾರಿಸ್ಬೇಡಿ." ಉದ್ದ ಆಯ್ತು, ಇರ್ಲಿ, ಇದನ್ನ ಓದಿದೋರಿಗೆ ಸೋಮವಾರ ಬೆಳಗ್ಗೆ ರೂಮಲ್ಲಿ ಕುರ್ಚಿ ಎಲ್ಲಿ ಹಾಕ್ಬೇಕು ಅಂತ ಗೊತ್ತಾಗುತ್ತೆ.

ಏನ್ ಮಾಡಿದಾಗ ಕೆಟ್ಟೋಯ್ತು ಅನ್ನೋದನ್ನೂ ಬರೆದೆ. ನಾವು ಥೆರಪಿಸ್ಟ್‌ಗಳು ಇಂಥಾ ಪತ್ರದಲ್ಲಿ ನಮ್ ಗೆಲುವೇ ಜಾಸ್ತಿ ಬರೀತೀವಿ, ನಾನೂ ಅದಕ್ಕೆ ಹೊರತಲ್ಲ. ನಾಲ್ಕನೇ ತಿಂಗಳಲ್ಲಿ ಕ್ಲಾಸ್ ಟೀಚರ್ ರಜಾ, ಬದಲಿಗೆ ಬಂದೋರಿಗೆ ಯಾರೂ ಹೇಳಿರ್ಲಿಲ್ಲ, ಹೇಳೋಕೆ ಒಂದು ಚೀಟಿ ಇಡಿಸ್ಬೇಕಾಗಿದ್ದೋಳು ನಾನೇ, ಮರ್ತಿದ್ದೆ. ಅವರು "ಹೆಸರು ಹೇಳೋವರೆಗೂ ಆಟಕ್ಕೆ ಕಳ್ಸಲ್ಲ" ಅಂತ ನಿಲ್ಲಿಸಿದ್ರು. ಪುಟ್ಟಿ ನಿಂತಲ್ಲೇ ಚಡ್ಡಿ ಒದ್ದೆ ಮಾಡ್ಕೊಂಡ್ಲು. ಅದಾದ ಮೇಲೆ ಟೀಚರ್ ಹತ್ರ ಶುರುವಾಗಿದ್ದ ಪಿಸುಮಾತು ಮೂರು ವಾರ ಪೂರ್ತಿ ಬಂದ್. ಆಮೇಲೆ ಗೊತ್ತಾಗಿದ್ದು, ಅವಳು ಸ್ಕೂಲಲ್ಲಿ ಟಾಯ್ಲೆಟ್‌ಗೆ ಹೋಗ್ಬೇಕು ಅಂತಾನೂ ಕೇಳ್ತಿರ್ಲಿಲ್ಲ, ಬೆಳಗ್ಗಿಂದ ನೀರು ಕುಡೀದೇ ಇರ್ತಿದ್ಲು. ಇಂಥಾ ಮಕ್ಕಳಲ್ಲಿ ಇದು ಸಾಮಾನ್ಯ, ನಾವು ಕೇಳಿದ್ರೆ ಮಾತ್ರ ಗೊತ್ತಾಗುತ್ತೆ. ಮೇಜಿನ ಮೇಲೆ ಒಂದು ಬಣ್ಣದ ಕಾರ್ಡ್ ಇಟ್ಟು ಎದ್ದು ಹೋಗೋದು, ಅನುಮತಿ ಕೇಳ್ಬೇಕಾಗಿಲ್ಲ ಅಂತ ಟೀಚರ್ ಜೊತೆ ಒಪ್ಪಂದ ಮಾಡ್ಕೊಂಡ್ವಿ. ಹೊಸ ಸ್ಕೂಲಲ್ಲಿ ಮೊದಲ ದಿನವೇ ಇದು ಬೇಕು ಅಂತ ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದೆ.

ಇನ್ನೊಂದು ಗಂಟು ಭಾಷೆ. ಹೊಸ ಊರಲ್ಲಿ ಜೊತೆ ಮಕ್ಕಳು ಆಡೋ ಭಾಷೆ ಪುಟ್ಟಿಗೆ ಬರಲ್ಲ. ಭಾಷೆ ಗೊತ್ತಿಲ್ಲದೆ ಮಗು ಸುಮ್ನಿದ್ರೆ ಅದನ್ನ ಸೆಲೆಕ್ಟಿವ್ ಮ್ಯೂಟಿಸಂ ಅನ್ನೋ ಹಾಗಿಲ್ಲ, ಹೊಸ ಭಾಷೆ ಕಲಿಯೋ ಎಷ್ಟೋ ಮಕ್ಕಳು ಮೊದಲು ಸ್ವಲ್ಪ ಕಾಲ ಬರೀ ಕೇಳಿಸ್ಕೊಳ್ತಾ ಮೌನವಾಗೇ ಇರ್ತವೆ. ಈಗ ಪುಟ್ಟಿ ಅಲ್ಲಿ ಸುಮ್ನಿದ್ರೆ ಅದು ಯಾವ ಮೌನ? "ಭಾಷೆ ಬಂದ್ರೆ ಸರಿಹೋಗ್ತಾಳೆ" ಅಂತ ಸ್ಕೂಲೋರು ಒಂದು ವರ್ಷ ತಳ್ಳಿದ್ರೂ ಆಶ್ಚರ್ಯ ಇಲ್ಲ. ಅದಕ್ಕೆ, ಕಿವಿ ಪರೀಕ್ಷೆ ನಾರ್ಮಲ್, ಮನೆ ಭಾಷೇಲಿ ವಯಸ್ಸಿಗೆ ತಕ್ಕ ಮಾತು ಇದೆ, ಮನೇಲಿ ಪಾಠ ಓದಿದ್ದನ್ನ ಅಮ್ಮ ಮೊಬೈಲಲ್ಲಿ ರೆಕಾರ್ಡ್ ಮಾಡಿದಾರೆ ಅಂತ ತಾರೀಖಿನ ಸಮೇತ ಬರೆದೆ. ಜೊತೆಗೆ ಬೇರ್ಪಡಿಸೋಕೆ ಒಂದು ದಾರಿ: ಆ ಸ್ಕೂಲ್ ಒಳಗೆ, ಬೇರೆ ಮಕ್ಕಳು ಕೇಳೋ ಹಾಗಿರುವಾಗ, ಅಮ್ಮನ ಜೊತೆ ಮನೆ ಭಾಷೇಲಿ ಮಾತಾಡ್ತಾಳಾ ನೋಡಿ. ಅಲ್ಲೂ ದನಿ ಹೂತ್ಹೋದ್ರೆ ಅದಕ್ಕೆ ಭಾಷೆ ಮೇಲೆ ತಪ್ಪು ಹೊರಿಸೋಕಾಗಲ್ಲ.

ಬರೀದೇ ಬಿಟ್ಟಿದ್ದೂ ಇದೆ. 7 ತಿಂಗಳಲ್ಲಿ ಒಂದು ಮನೆಯ ಎಷ್ಟೋ ವಿಷಯ ನಮ್ಮ ಕಿವಿಗೆ ಬೀಳುತ್ತೆ. ಮಗೂನ ಯಾರು ಮುದ್ದು ಮಾಡಿ ಕೆಡಿಸಿದ್ದು ಅಂತ ಅಜ್ಜಿ ತಾತನ ಮಧ್ಯೆ ನಡೆದ ಜಗಳ ಹೊಸ ಥೆರಪಿಸ್ಟ್‌ಗೆ ಯಾತಕ್ಕೆ? ಅಮ್ಮ ತಾವೂ ಚಿಕ್ಕೋರಿದ್ದಾಗ ಸ್ಕೂಲಲ್ಲಿ ಮಾತಾಡ್ತಿರ್ಲಿಲ್ಲ ಅಂತ ಒಂದಿನ ಅಳುತ್ತಾ ಹೇಳಿದ್ರು, ಅದು ಉಪಯೋಗದ ಮಾಹಿತಿ, ಆದ್ರೆ ಅವರದ್ದು. ಕೇಳಿದೆ, "ಬರೀರಿ ಮೇಡಂ, ಆದ್ರೆ ಸ್ಕೂಲ್‌ಗೆ ಕೊಡೋ ಕಾಪೀಲಿ ಬೇಡ" ಅಂದ್ರು. ಹಾಗಾಗಿ ಎರಡು ಪತ್ರ ಆಯ್ತು, ಥೆರಪಿಸ್ಟ್‌ಗೆ ಎರಡು ಪುಟ, ಸ್ಕೂಲ್‌ಗೆ ಅರ್ಧ ಪುಟ.

ಅಪ್ಪ ಅಮ್ಮಂಗೆ ಕೊಟ್ಟ ಸಲಹೆ ಬಗ್ಗೆ. ಅಪ್ಪ ಕೇಳಿದ್ದು, "ಮೊದಲು ಒಂದು ಮೂರು ತಿಂಗಳು ಸೆಟ್ಲ್ ಆಗ್ಲಿ, ಆಮೇಲೆ ಥೆರಪಿ ಶುರು ಮಾಡೋಣ್ವಾ?" ಬೇಡ ಅಂದೆ. ಹಳೇ ಸ್ಕೂಲಲ್ಲಿ ಇಡೀ ಕ್ಲಾಸಿಗೆ ಅವಳು "ಮಾತಾಡದ ಹುಡುಗಿ", ಅಕಸ್ಮಾತ್ ಬಾಯಿ ಬಿಟ್ರೆ "ಏಯ್ ಮಾತಾಡಿದ್ಲು ಕಣ್ರೋ" ಅಂತ ಎಲ್ಲರೂ ತಿರುಗ್ತಿದ್ರು, ಆ ಭಯಕ್ಕೇ ಇನ್ನಷ್ಟು ಸುಮ್ನಾಗ್ತಿದ್ಲು. ಹೊಸ ಸ್ಕೂಲಲ್ಲಿ ಆ ಹೆಸರು ಇನ್ನೂ ಬಿದ್ದಿಲ್ಲ, ಬೀಳೋಕೆ ಬಹಳ ದಿನಾನೂ ಬೇಡ. ಊರು ಬದಲಾಗಿದ್ದರಲ್ಲಿ ಏನಾದ್ರೂ ಲಾಭ ಇದ್ರೆ ಇದೊಂದೇ, ಅದನ್ನ ಮೂರು ತಿಂಗಳು ಕಾದು ಕಳ್ಕೋಬಾರ್ದು. ಸ್ಕೂಲ್ ಶುರುವಾಗೋ ಮುಂಚೆ ಮೂರ್ನಾಲ್ಕು ದಿನ ಖಾಲಿ ಕ್ಲಾಸ್‌ರೂಮಿಗೆ ಹೋಗಿ, 20 ನಿಮಿಷ ನೀವಿಬ್ಬರೇ ಆಟ ಆಡಿ, ಆ ಗೋಡೆಗಳ ಮಧ್ಯೆ ಅವಳ ದನಿ ಒಂದ್ಸಲ ಕೇಳಿಸ್ಲಿ. ಆಮೇಲೆ ಟೀಚರ್ ಒಳಗೆ ಬಂದು ದೂರದಲ್ಲಿ ತಮ್ಮ ಪಾಡಿಗೆ ಕೆಲಸ ಮಾಡ್ಲಿ. ಯಾರಿಗೇ ಆಗ್ಲಿ ಅವಳೆದುರಿಗೆ "ಇವಳು ಮಾತಾಡಲ್ಲ" ಅಂತ ಪರಿಚಯ ಮಾಡಿಸ್ಬೇಡಿ, ಟೀಚರ್‌ಗೆ ಪತ್ರ ಕೊಡಿ ಸಾಕು.

ಅಮ್ಮಂಗೆ ಬೇರೆ ಒಂದು ಹೋಮ್‌ವರ್ಕ್: ಯಾರಾದ್ರೂ ಪುಟ್ಟೀನ ಏನಾದ್ರೂ ಕೇಳಿದ್ರೆ ಮನಸಲ್ಲೇ 5ರವರೆಗೆ ಎಣಿಸಿ, ಆಗಲೂ ಬರದಿದ್ರೆ ನೀವು ಉತ್ತರ ಹೇಳೋ ಬದಲು ಪ್ರಶ್ನೇನ ಚಿಕ್ಕದು ಮಾಡಿ, "ಕೆಂಪಾ, ನೀಲೀನಾ?" ಅಂತ. ಹೌದಾ ಅಲ್ವಾ ಅನ್ನೋ ಪ್ರಶ್ನೆ ಆದ್ರೆ ತಲೆ ಅಲ್ಲಾಡಿಸಿ ಮುಗಿಸ್ತಾಳೆ, ಎರಡರಲ್ಲಿ ಒಂದು ಆರಿಸೋಕೆ ಒಂದಾದ್ರೂ ಪದ ಬೇಕು.

ಪುಟ್ಟಿಗೆ ವಿಷಯ ಹೇಳಿದ್ದು ಕೊನೇ ಸೆಶನ್‌ಗೆ ನಾಲ್ಕು ವಾರ ಮುಂಚೆ. ಪತ್ರಾನ ಅವಳಿಗೆ ಅರ್ಥ ಆಗೋ ಮಾತಲ್ಲಿ ಓದಿ ಹೇಳಿದೆ, ಅವಳ ಬಗ್ಗೆ ಬರೆದಿರೋದು ಅವಳಿಗೇ ಗೊತ್ತಿಲ್ಲ ಅಂದ್ರೆ ಹೇಗೆ. ಏನಾದ್ರೂ ಸೇರಿಸ್ಬೇಕಾ ಅಂತ ಕೇಳಿ ಕಾರ್ಡ್ ಜೋಡಿಸ್ತಾ ಕೂತೆ. ಬಹಳ ಹೊತ್ತಾದ ಮೇಲೆ, "ನಾನ್ ಮಾತಾಡಿದ್ರೆ ಆ ಆಂಟಿ ವಾವ್ ಅನ್ಬಾರ್ದು ಅಂತ ಬರೀರಿ." ಅವಳು ಹೇಳಿದ ಹಾಗೇ ಬರೆದೆ. ಹಾಗಾದ್ರೆ ನಾನು ಎಷ್ಟು ಸಲ ವಾವ್ ಅಂದಿರ್ಬಹುದು ಅಂತ ಆಮೇಲೆ ಯೋಚನೆ ಬಂತು.

ಹೊರಡೋ ಹಿಂದಿನ ವಾರ ಹೊಸ ಥೆರಪಿಸ್ಟ್ ಜೊತೆ ವಿಡಿಯೋ ಕಾಲ್, 15 ನಿಮಿಷ. ಪುಟ್ಟಿ ಮಾತಾಡ್ಬೇಕು ಅಂತ ಇರ್ಲಿಲ್ಲ, ಅವರು ತಮ್ಮ ರೂಮನ್ನ ತೋರಿಸಿದ್ರು ಅಷ್ಟೇ, ಅದೇ ಕಾರ್ಡ್ ಆಟ ಅವರ ಹತ್ರಾನೂ ಇತ್ತು.

ಐದು ವಾರ ಆದ್ಮೇಲೆ ಅವರೇ ಫೋನ್ ಮಾಡಿದ್ರು. ಮೊದಲ ಎರಡು ಸೆಶನ್‌ನಲ್ಲಿ ಅಮ್ಮನ ಜೊತೇನೂ ದನಿ ಬರ್ಲಿಲ್ವಂತೆ. "ನೀವು ಬಾಗಿಲು ಹಾಕಿರ್ಬೇಕು ಅಂತ ಬರೆದಿದ್ರಿ, ಹಾಕಿದ್ದೆ, ಆದ್ರೆ ನನ್ ಬಾಗಿಲಿಗೆ ಗ್ಲಾಸ್ ಇದೆ. ಅವಳು ಪದೇ ಪದೇ ಅದನ್ನೇ ನೋಡ್ತಿದ್ಲು." ಮೂರನೇ ಸಲ ಗ್ಲಾಸಿಗೆ ಒಂದು ಚಾರ್ಟ್ ಪೇಪರ್ ಅಂಟಿಸಿದಾರೆ, ಹತ್ತು ನಿಮಿಷಕ್ಕೆ ಒಳಗಿಂದ ಪುಟ್ಟಿ ಅಮ್ಮಂಗೆ "ನೀನ್ ಮೋಸ ಮಾಡ್ತಿದೀಯ" ಅಂದಿದ್ದು ಆಚೆ ಕೂತ ಅವರಿಗೆ ಕೇಳಿಸಿದೆ. ನನ್ ಬಾಗಿಲು ಪೂರ್ತಿ ಮರದ್ದು, ಹಾಗಾಗಿ ಆಚೆಯೋರಿಗೆ ಕೇಳಿಸೋದಷ್ಟೇ ಅವಳಿಗೆ ಕಷ್ಟ ಅನ್ಕೊಂಡಿದ್ದೆ, ಕಾಣಿಸೋದೂ ಕಷ್ಟ ಅಂತ ಹೊಳೆದೇ ಇರ್ಲಿಲ್ಲ. ಈಗ ನಾನು ಹ್ಯಾಂಡೋವರ್‌ಗೆ ಇಟ್ಕೊಂಡಿರೋ ಫಾರ್ಮಲ್ಲಿ "ಯಾರಿಗೆ ಕೇಳಿಸುತ್ತೆ" ಅನ್ನೋದರ ಕೆಳಗೆ "ಯಾರಿಗೆ ಕಾಣಿಸುತ್ತೆ" ಅಂತ ಇನ್ನೊಂದು ಸಾಲು ಸೇರಿಸಿದೀನಿ.