ಹಳದಿ ಟೈಲ್ಸ್ ಹಾಕಿದರೂ ಅಜ್ಜಿಗೆ ಕಾಣಲಿಲ್ಲ

ಪ್ರಶ್ನೆ: ನಮ್ಮೂರಲ್ಲಿ ಹೊಸ ಗ್ರಂಥಾಲಯ ಕಟ್ಟಿಸ್ತಿದ್ದೇವೆ. ಕಣ್ಣು ಮಂಜಾದವರಿಗೂ ಅನುಕೂಲ ಆಗಬೇಕು, ದುಡ್ಡು ಮಾತ್ರ ಕಡಿಮೆ. ಕಾಲಿಗೆ ತಿಳಿಯೋ ಉಬ್ಬಿರೋ ಹಳದಿ ಟ್ಯಾಕ್ಟೈಲ್ ಟೈಲ್ಸ್ ಹಾಕಿಸೋದೋ, ಬಾಗಿಲಿಗೆ ಬೀಪ್ ಅನ್ನೋ ಯಂತ್ರ ಇಡಿಸೋದೋ?

ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ನೆಲ ಯಾವ ಬಣ್ಣದ್ದು? ಈ ಪ್ರಶ್ನೆ ಕೇಳಿಕೊಳ್ಳದೆ ಕೈ ಸುಟ್ಟುಕೊಂಡವನು ನಾನು.

ಕೆಲವು ವರ್ಷಗಳ ಹಿಂದೆ ತಾಲ್ಲೂಕು ಮಟ್ಟದ ಒಂದು ಆಸ್ಪತ್ರೆಯ ಹೊರರೋಗಿ ವಿಭಾಗದ ಕೆಲಸ ನನ್ನ ಕೈಯಲ್ಲಿತ್ತು. ನೆಲಕ್ಕೆ ಕೆನೆ ಬಣ್ಣದ, ಫಳಫಳ ಹೊಳೆಯುವ ವಿಟ್ರಿಫೈಡ್ ಟೈಲ್ಸ್. ಬಾಗಿಲಿನಿಂದ ಚೀಟಿ ಕೌಂಟರಿನವರೆಗೆ ಹಳದಿ ಟ್ಯಾಕ್ಟೈಲ್ ಸಾಲು. ಉದ್ದ ಪಟ್ಟಿಯ ಟೈಲ್ ಅಂದರೆ ನಡೆ, ಗುಂಡು ಉಬ್ಬಿನ ಟೈಲ್ ಅಂದರೆ ನಿಲ್ಲು, ಮುಂದೆ ಏನೋ ಇದೆ ಅಂತ. ಮೇಸ್ತ್ರಿಗೆ ಅದನ್ನು ಬಿಡಿಸಿ ಹೇಳಿ, ಮೆಟ್ಟಿಲಿಗೆ 300 ಮಿ.ಮೀ. ಮೊದಲೇ ಗುಂಡಿನ ಸಾಲು ಕೂರಿಸಿದ್ದೆ. ನನಗಂತೂ ಭಾರೀ ಸಮಾಧಾನ.

ಶುರುವಾದ ವಾರವೇ ಕಣ್ಣಿಗೆ ಪೊರೆ ಬಂದಿದ್ದ ಒಬ್ಬ ಅಜ್ಜಿ ಹಾಲಿನ ನಡುವೆ ತಡವರಿಸುತ್ತಾ ನಿಂತಿದ್ದರು. "ಅಜ್ಜಿ, ಈ ಹಳದಿ ಸಾಲು ಹಿಡಿದು ಬನ್ನಿ" ಅಂದೆ. "ಯಾವ ಸಾಲಪ್ಪಾ?" ಅಂದರು. ಅವರು ನಿಂತಿದ್ದದ್ದು ಆ ಸಾಲಿನ ಮೇಲೆಯೇ!

ತಪ್ಪು ಎಲ್ಲಾಯಿತು ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಹಳದಿ ಅಂದರೆ ಎದ್ದು ಕಾಣುವ ಬಣ್ಣ ಅಂತ ನಂಬಿದ್ದೆ. ಮಂಜುಗಣ್ಣಿಗೆ ಬಣ್ಣದ ಹೆಸರು ಮುಖ್ಯವಲ್ಲ, ತಿಳಿ ಮತ್ತು ಗಾಢದ ಅಂತರ ಮುಖ್ಯ. ಒಂದು ಮೇಲ್ಮೈ ಎಷ್ಟು ಬೆಳಕನ್ನು ವಾಪಸ್ ಕಳಿಸುತ್ತದೆ ಅನ್ನುವುದಕ್ಕೆ ಎಲ್‌ಆರ್‌ವಿ ಅನ್ನುವ ಅಂಕಿ ಇದೆ. ಅಚ್ಚ ಕಪ್ಪು 0, ಅಚ್ಚ ಬಿಳಿ 100. ಪಕ್ಕಪಕ್ಕದ ಎರಡು ಮೇಲ್ಮೈಗಳ ನಡುವೆ 30 ಅಂಕಿಯಾದರೂ ವ್ಯತ್ಯಾಸ ಇರಲಿ ಅಂತ ಬ್ರಿಟನ್ನಿನ ಕಟ್ಟಡ ಮಾನದಂಡ ಬಿಎಸ್ 8300 ಹೇಳುತ್ತದೆ. ಆಮೇಲೆ ಕ್ಯಾಟಲಾಗ್ ತೆಗೆದು ನೋಡಿದೆ. ನನ್ನ ಕೆನೆ ಬಣ್ಣ 68, ಹಳದಿ 59. ಬರೀ 9! ಕಪ್ಪು ಡಾಂಬರಿನ ಪಕ್ಕ ಹೊಳೆಯುವ ಹಳದಿ, ಕೆನೆ ನೆಲದಲ್ಲಿ ಕರಗಿಹೋಗಿತ್ತು. ಉಬ್ಬಾದರೂ ಕಾಲಿಗೆ ತಿಳಿಯಬೇಕಿತ್ತಲ್ವಾ? ಅಜ್ಜಿಯ ದಪ್ಪ ರಬ್ಬರ್ ಚಪ್ಪಲಿಗೆ ಅದು ತಿಳಿಯಲಿಲ್ಲ. ಈ ಟೈಲ್ ಹುಟ್ಟಿದ್ದೇ ಅಂಧರಿಗಾಗಿ. ಜಪಾನಿನ ಸೇಯಿಚಿ ಮಿಯಾಕೆ ಇದನ್ನು ರೂಪಿಸಿದ್ದು 1965ರಲ್ಲಿ. 1967ರಲ್ಲಿ ಒಕಾಯಾಮಾದ ಅಂಧರ ಶಾಲೆಯ ಬಳಿ, ರಸ್ತೆ ದಾಟುವ ಕಡೆ ಮೊದಲ ಸಲ ಹಾಕಿದರು. ಅರೆಬರೆ ಕಾಣುವವರು ಸಾಮಾನ್ಯವಾಗಿ ಕೋಲು ಹಿಡಿಯುವುದಿಲ್ಲ, ಕಣ್ಣಿನಿಂದಲೇ ದಾರಿ ಹುಡುಕುತ್ತಾರೆ.

ಇದನ್ನು ಮೊದಲೇ ತಿಳಿಯಬಹುದಿತ್ತು, ಅದೂ ಬಿಟ್ಟಿಯಾಗಿ. ಎರಡು ಟೈಲ್ ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಎರಡೂ ಒಂದೇ ಬೂದು ಕಂಡರೆ ಬೇಡ ಅಂತ ಅರ್ಥ. ಇದು ಪಕ್ಕಾ ಅಳತೆಯಲ್ಲ, ಆದರೆ ನನ್ನಂಥ ತಪ್ಪು ಖಂಡಿತ ಸಿಕ್ಕಿಬೀಳುತ್ತದೆ.

ಕೊನೆಗೆ ಹಳದಿ ಸಾಲನ್ನು ಹಾಗೇ ಬಿಟ್ಟು, ಎರಡೂ ಬದಿ 150 ಮಿ.ಮೀ. ಅಗಲ ನೆಲ ಒಡೆಸಿ ಕಪ್ಪು ಗ್ರಾನೈಟ್ ಪಟ್ಟಿ ಕೂರಿಸಿದೆವು. 22 ಮೀಟರ್ ಉದ್ದ, ಎರಡು ಭಾನುವಾರ, ಊರ ತುಂಬ ಧೂಳು. ಮೊದಲೇ ಮಾಡಿದ್ದರೆ ಇದರ ಕಾಲು ಭಾಗ ಖರ್ಚಿನಲ್ಲಿ ಮುಗಿಯುತ್ತಿತ್ತು.

ನಿಮ್ಮ ದುಡ್ಡು ಮೊದಲು ಮೆಟ್ಟಿಲಿಗೆ ಹೋಗಲಿ. ನಮ್ಮ ಕಡೆ ಮೆಟ್ಟಿಲ ಅಂಚಿಗೆ ಮೂರು ಗೀರು ಹಾಕಿ ಮುಗಿಯಿತು ಅನ್ನುತ್ತಾರೆ. ಗೀರು ಕಾಲು ಜಾರದಂತೆ ತಡೆಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪ್ರತಿ ಮೆಟ್ಟಿಲ ಅಂಚಿಗೂ ಸುಮಾರು 50 ಮಿ.ಮೀ. ಅಗಲದ, ಕಲ್ಲಿಗೆ ಎದುರು ಛಾಯೆಯ ಪಟ್ಟಿ ಬೇಕು. ಅದು ಅಂಚಿನಿಂದಲೇ ಶುರುವಾಗಬೇಕು. ಎರಡು ಬೆರಳು ಒಳಗೆ ಸರಿದರೆ ಜನ ಪಟ್ಟಿಯನ್ನೇ ಅಂಚು ಅಂದುಕೊಂಡು ಲೆಕ್ಕ ತಪ್ಪುತ್ತಾರೆ. ಪೇಂಟ್ ಬೇಡ, ಬೇಗ ಸವೆಯುತ್ತದೆ.

ಬೀಪ್ ಯಂತ್ರ ನಾನೂ ಇಡಿಸಿದ್ದೆ. ಮೂರನೇ ದಿನ ವಾಚ್‌ಮನ್ ಪ್ಲಗ್ ಕಿತ್ತಿದ್ದ. ಅವನನ್ನು ಬೈಯಲು ಮನಸ್ಸು ಬರಲಿಲ್ಲ, ದಿನಕ್ಕೆ ಹತ್ತು ಗಂಟೆ ಅದನ್ನು ಕೇಳುವವನು ಅವನೇ ತಾನೆ. ನಿಜವಾಗಿ ಕೆಲಸ ಮಾಡಿದ್ದು ಟೋಕನ್ ಕೂಗುವ ಸ್ಪೀಕರ್. ಮೊದಲು ಅದು ಹಾಲಿನ ಸೂರಿನ ಆರು ಕಡೆ ಇತ್ತು, ದನಿ ಎಲ್ಲಿಂದ ಬರುತ್ತಿದೆ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಐದನ್ನು ತೆಗೆಸಿ ಒಂದನ್ನು ಕೌಂಟರಿನ ತಲೆ ಮೇಲೇ ಇಟ್ಟೆವು. ದನಿ ಬಂದ ಕಡೆ ನಡೆದರೆ ಕೌಂಟರ್. ನಿಮ್ಮ ಗ್ರಂಥಾಲಯದಲ್ಲಿ ಕೂಗುವಂತಿಲ್ಲ. ಅಲ್ಲಿ ಪುಸ್ತಕ ಕೊಡುವ ಮೇಜನ್ನು ಬಾಗಿಲ ಎದುರೇ ಇಡಿ, ಸಿಬ್ಬಂದಿಯ ಮಾತೇ ದಾರಿ ತೋರಿಸುತ್ತದೆ.

ಒಂದು ಮಾತ್ರ ನನ್ನ ಕೈಯಲ್ಲಿ ಸರಿಹೋಗಲಿಲ್ಲ. ಸಂಜೆ 4 ಗಂಟೆಗೆ ಪಡುವಣ ಕಿಟಕಿಯ ಬಿಸಿಲು ಆ ಹೊಳೆಯುವ ನೆಲಕ್ಕೆ ಬಿದ್ದರೆ, ಕಪ್ಪು ಪಟ್ಟಿಯೂ ಬೆಳ್ಳಗೆ ಕಾಣುತ್ತದೆ. ದಿನಾ ಆಯಮ್ಮ ಬಂದು ಪರದೆ ಎಳೆಯುತ್ತಾರೆ. ನೀವು ಟೈಲ್ಸ್ ಇನ್ನೂ ಆರ್ಡರ್ ಮಾಡಿಲ್ಲದಿದ್ದರೆ ಮ್ಯಾಟ್ ಕೇಳಿ.